ಲಂಡನ್ ಟ್ಯೂಬ್: ನಕ್ಷೆ, ಪಾಸು ಮತ್ತು ಕಾರ್ಡಿನ ಲೆಕ್ಕಾಚಾರ

ಲಂಡನ್ನಿನ ಮೆಟ್ರೋ ರೈಲಿಗೆ ಅಲ್ಲಿನವರು ‘ಟ್ಯೂಬ್’ ಎನ್ನುತ್ತಾರೆ. 11 ಮಾರ್ಗಗಳು ಮತ್ತು 272 ನಿಲ್ದಾಣಗಳ ಈ ಜಾಲದ ಜೊತೆಗೆ ಎಲಿಜಬೆತ್ ಲೈನ್, ಓವರ್‌ಗ್ರೌಂಡ್, ಡಿಎಲ್‌ಆರ್ ಎಂಬ ರೈಲುಗಳೂ ಕೆಂಪು ಬಸ್ಸುಗಳೂ ಇವೆ. ಇವೆಲ್ಲವನ್ನೂ ನಡೆಸುವುದು ‘ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್’ ಎಂಬ ಒಂದೇ ಸಂಸ್ಥೆ. ಹಾಗಾಗಿ ಇವೆಲ್ಲಕ್ಕೂ ಒಂದೇ ಕಾರ್ಡು ಸಾಕು. ನಕ್ಷೆ ಓದಲು ಬಂದರೆ ದಾರಿ ತಪ್ಪುವುದಿಲ್ಲ; ದರದ ಮಿತಿ ಅರ್ಥವಾದರೆ ದುಡ್ಡು ಪೋಲಾಗುವುದಿಲ್ಲ. ಇಲ್ಲಿ ಕೊಟ್ಟಿರುವ ದರಗಳು 2025ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಪಟ್ಟಿಯವು. ದರಗಳು ಸಾಮಾನ್ಯವಾಗಿ ಪ್ರತಿ ಮಾರ್ಚ್‌ನಲ್ಲಿ ಬದಲಾಗುವುದರಿಂದ ಹೊರಡುವ ಮುನ್ನ tfl.gov.uk ತಾಣದಲ್ಲಿ ಹೊಸ ಪಟ್ಟಿಯನ್ನು ನೋಡಿಕೊಳ್ಳಬೇಕು.

ನಕ್ಷೆ ಓದುವ ಬಗೆ

ಟ್ಯೂಬ್ ನಕ್ಷೆ ಭೂಪಟವಲ್ಲ. ಹ್ಯಾರಿ ಬೆಕ್ ಎಂಬ ನಕ್ಷೆಗಾರ 1931ರಲ್ಲಿ ಬರೆದು, 1933ರಲ್ಲಿ ಜನರ ಕೈಸೇರಿದ ವಿನ್ಯಾಸವೇ ಇಂದಿನ ನಕ್ಷೆಗೂ ಆಧಾರ. ವಿದ್ಯುತ್ ಸರ್ಕಿಟ್‌ಗಳ ಚಿತ್ರ ಬರೆದು ಪಳಗಿದ್ದ ಬೆಕ್, ನೆಲದಡಿ ಕುಳಿತ ಪ್ರಯಾಣಿಕನಿಗೆ ಮೇಲಿನ ಬೀದಿಗಳ ತಿರುವು ಬೇಕಿಲ್ಲ, ಯಾವ ನಿಲ್ದಾಣದ ನಂತರ ಯಾವುದು, ಎಲ್ಲಿ ರೈಲು ಬದಲಿಸಬೇಕು ಎಂಬುದಷ್ಟೇ ಬೇಕು ಎಂದು ಕಂಡುಕೊಂಡ. ಅದಕ್ಕಾಗಿ ಎಲ್ಲ ಮಾರ್ಗಗಳನ್ನೂ ಅಡ್ಡ, ಉದ್ದ ಮತ್ತು 45 ಡಿಗ್ರಿ ಓರೆಗೆರೆಗಳಲ್ಲೇ ಬರೆದ. ಒತ್ತಾಗಿರುವ ನಡುಪಟ್ಟಣವನ್ನು ಹಿಗ್ಗಿಸಿ, ದೂರದ ಹೊರವಲಯವನ್ನು ಕುಗ್ಗಿಸಿದ. ನೆಲದ ಮೇಲಿನ ಗುರುತಾಗಿ ಉಳಿದದ್ದು ಥೇಮ್ಸ್ ನದಿ ಮಾತ್ರ.

ಇದರ ಪರಿಣಾಮವಾಗಿ ನಕ್ಷೆಯಲ್ಲಿ ಕಾಣುವ ದೂರವನ್ನು ನಂಬುವಂತಿಲ್ಲ. ಲೆಸ್ಟರ್ ಸ್ಕ್ವೇರ್ ಮತ್ತು ಕಾವೆಂಟ್ ಗಾರ್ಡನ್ ನಿಲ್ದಾಣಗಳ ನಡುವಿನ ನಿಜವಾದ ಅಂತರ ಸುಮಾರು 260 ಮೀಟರ್, ಅಂದರೆ ನಾಲ್ಕೈದು ನಿಮಿಷದ ನಡಿಗೆ. ನೆಲದಡಿಗೆ ಇಳಿದು, ರೈಲು ಹಿಡಿದು, ಮತ್ತೆ ಮೇಲೇರುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಮೇಲಾಗಿ 2 ಪೌಂಡ್ 80 ಪೆನ್ಸ್ ಖರ್ಚಾಗುತ್ತದೆ. ಕೆಂಪು ಸೆಂಟ್ರಲ್ ಲೈನ್‌ನ ಕ್ವೀನ್ಸ್‌ವೇ ಮತ್ತು ಡಿಸ್ಟ್ರಿಕ್ಟ್ ಲೈನ್‌ನ ಬೇಸ್‌ವಾಟರ್ ನಿಲ್ದಾಣಗಳೂ ಹೀಗೆಯೇ. ನಕ್ಷೆಯಲ್ಲಿ ಬೇರೆ ಬೇರೆ ಮಾರ್ಗಗಳ ಮೇಲಿದ್ದರೂ ಅವು ಇರುವುದು ಒಂದೇ ಬೀದಿಯಲ್ಲಿ. ನಡುಪಟ್ಟಣದಲ್ಲಿ ಒಂದೆರಡು ನಿಲ್ದಾಣಗಳ ಪ್ರಯಾಣವಾದರೆ ಮೊದಲು ಬೀದಿ ನಕ್ಷೆ ನೋಡಿ, ನಡೆಯಬಹುದೇ ಎಂದು ತಿಳಿದುಕೊಳ್ಳುವುದು ಲಾಭ.

ನಕ್ಷೆಯನ್ನು ಮೂರು ಹೆಜ್ಜೆಯಲ್ಲಿ ಓದಬಹುದು. ಮೊದಲು ಹೊರಡುವ ಮತ್ತು ತಲುಪುವ ನಿಲ್ದಾಣಗಳು ಯಾವ ಬಣ್ಣದ ಗೆರೆಯ ಮೇಲಿವೆ ಎಂದು ನೋಡಬೇಕು. ಬಣ್ಣ ಬೇರೆಯಾದರೆ ಎರಡೂ ಗೆರೆಗಳು ಸೇರುವ ಬಿಳಿ ವೃತ್ತವನ್ನು ಹುಡುಕಬೇಕು. ರೈಲು ಬದಲಿಸುವ ಜಾಗ ಅದು. ಮೂರನೆಯದಾಗಿ ಹೋಗಬೇಕಾದ ದಿಕ್ಕು ಉತ್ತರವೋ ದಕ್ಷಿಣವೋ, ಪೂರ್ವವೋ ಪಶ್ಚಿಮವೋ ಎಂದು ಗುರುತಿಸಿಕೊಳ್ಳಬೇಕು, ಏಕೆಂದರೆ ನಿಲ್ದಾಣದೊಳಗಿನ ಫಲಕಗಳು ಪ್ಲಾಟ್‌ಫಾರ್ಮ್‌ಗಳನ್ನು ದಿಕ್ಕಿನ ಹೆಸರಿನಿಂದಲೇ ತೋರಿಸುತ್ತವೆ.

ಹೊಸಬರು ಹೆಚ್ಚಾಗಿ ಎಡವುವುದು ಕವಲೊಡೆಯುವ ಮಾರ್ಗಗಳಲ್ಲಿ. ಕಪ್ಪು ಬಣ್ಣದ ನಾರ್ದರ್ನ್ ಲೈನ್ ನಡುಪಟ್ಟಣದಲ್ಲಿ ಎರಡಾಗಿ, ಒಂದು ಕವಲು ಬ್ಯಾಂಕ್ ಮೂಲಕ, ಇನ್ನೊಂದು ಚೇರಿಂಗ್ ಕ್ರಾಸ್ ಮೂಲಕ ಹಾಯುತ್ತದೆ. ಇಂಥ ಕಡೆ ಬಣ್ಣ ಮತ್ತು ದಿಕ್ಕು ಸರಿಯಿದ್ದರೆ ಸಾಲದು. ಪ್ಲಾಟ್‌ಫಾರ್ಮ್ ಮೇಲಿನ ಫಲಕದಲ್ಲಿ ಬರುವ ರೈಲಿನ ಕೊನೆಯ ನಿಲ್ದಾಣವನ್ನೂ ಅದು ಯಾವುದರ ಮೂಲಕ ಹೋಗುತ್ತದೆ ಎಂಬುದನ್ನೂ ಓದಿಯೇ ಹತ್ತಬೇಕು. ದೊಡ್ಡ ಸೂಟ್‌ಕೇಸ್ ಇರುವವರು, ವಯಸ್ಸಾದವರನ್ನು ಕರೆದೊಯ್ಯುವವರು ಗಾಲಿಕುರ್ಚಿಯ ಗುರುತನ್ನೂ ಗಮನಿಸಬೇಕು. ನೀಲಿ ಗುರುತಿದ್ದರೆ ಬೀದಿಯಿಂದ ರೈಲಿನವರೆಗೆ ಮೆಟ್ಟಿಲಿಲ್ಲ ಎಂದರ್ಥ. ಬಿಳಿ ಗುರುತಿದ್ದರೆ ಪ್ಲಾಟ್‌ಫಾರ್ಮ್‌ವರೆಗೆ ಮಾತ್ರ. ಗುರುತೇ ಇಲ್ಲದ ಹಳೆಯ ನಿಲ್ದಾಣಗಳು ಬಹಳ ಇವೆ.

ವಲಯ ಮತ್ತು ವೇಳೆ

ಬೆಂಗಳೂರಿನ ಮೆಟ್ರೋದಲ್ಲಿ ದರ ದೂರವನ್ನು ಅವಲಂಬಿಸಿದೆ. ಲಂಡನ್ನಿನಲ್ಲಿ ಅದು ವಲಯಗಳನ್ನು ಅವಲಂಬಿಸಿದೆ. ನಡುಪಟ್ಟಣವೇ 1ನೇ ವಲಯ. ಅದರ ಸುತ್ತ ಈರುಳ್ಳಿಯ ಪದರಗಳಂತೆ 2, 3, 4 ಎಂದು ಹೊರಕ್ಕೆ ಸಾಗಿ, ಹೀಥ್ರೂ ವಿಮಾನ ನಿಲ್ದಾಣ 6ನೇ ವಲಯದಲ್ಲಿದೆ. ಪ್ರವಾಸಿಗರು ನೋಡುವ ಹೆಚ್ಚಿನ ಸ್ಥಳಗಳು 1 ಮತ್ತು 2ನೇ ವಲಯಗಳಲ್ಲೇ ಇವೆ. ಕೆಲವು ನಿಲ್ದಾಣಗಳು ಎರಡು ವಲಯಗಳ ಗಡಿಯ ಮೇಲಿರುತ್ತವೆ. ಅವನ್ನು ಪ್ರಯಾಣಿಕರಿಗೆ ಅಗ್ಗವಾಗುವ ವಲಯಕ್ಕೆ ಸೇರಿಸಿ ಲೆಕ್ಕ ಹಾಕಲಾಗುತ್ತದೆ. ಅಲ್ಲಿ ತಂಗುದಾಣ ಹುಡುಕುವುದಕ್ಕೆ ಇದೊಂದು ಒಳ್ಳೆಯ ಕಾರಣ.

ವೇಳೆಗೂ ಬೆಲೆಯಿದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 6.30ರಿಂದ 9.30, ಸಂಜೆ 4ರಿಂದ 7 ದಟ್ಟಣೆಯ ವೇಳೆ. 1ರಿಂದ 2ನೇ ವಲಯದ ಪ್ರಯಾಣಕ್ಕೆ ಆಗ 3.50 ಪೌಂಡ್, ಉಳಿದ ವೇಳೆಯಲ್ಲಿ 2.90 ಪೌಂಡ್. ಒಳಹೋಗುವಾಗ ಕಾರ್ಡು ತಾಗಿಸಿದ ಗಳಿಗೆಯೇ ದರವನ್ನು ನಿರ್ಧರಿಸುತ್ತದೆ. ಬೆಳಗಿನ ತಿಂಡಿ ನಿಧಾನವಾಗಿ ಮುಗಿಸಿ 9.30ರ ನಂತರ ಗೇಟು ದಾಟಿದರೂ ಅಷ್ಟು ಉಳಿತಾಯ.

ಕಾರ್ಡು: ಯಾವುದು, ಹೇಗೆ

ಹಣ ಕಟ್ಟಲು ಎರಡು ದಾರಿಗಳಿವೆ. 2003ರಲ್ಲಿ ಬಂದ ಆಯ್ಸ್ಟರ್ ಕಾರ್ಡು ಮೊದಲನೆಯದು. ಅದನ್ನು ಕೊಂಡು ಹಣ ತುಂಬಿಸಿಕೊಳ್ಳಬೇಕು. ಎರಡನೆಯದು 2014ರಿಂದ ಟ್ಯೂಬ್ ಗೇಟುಗಳಲ್ಲಿ ನಡೆಯುತ್ತಿರುವ ಸಾಮಾನ್ಯ ಬ್ಯಾಂಕ್ ಕಾರ್ಡು. ತಾಗಿಸಿದರೆ ಸಾಕು ಎಂಬ ಅಲೆಯ ಚಿಹ್ನೆಯಿರುವ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡಿಗೂ ಆಯ್ಸ್ಟರ್‌ಗೂ ವಯಸ್ಕರ ದರ ಒಂದೇ. ಆಯ್ಸ್ಟರ್ ಕಾರ್ಡಿಗೆ ಕೊಟ್ಟ ಬೆಲೆ ಮಾತ್ರ ಹಿಂದಿರುಗದು. ಹಾಗಾಗಿ ಕೆಲವೇ ದಿನಗಳಿಗೆ ಹೋಗುವವರಿಗೆ ಬ್ಯಾಂಕ್ ಕಾರ್ಡೇ ವಾಸಿ.

ಭಾರತದಿಂದ ಹೊರಡುವವರು ಒಂದು ಕೆಲಸವನ್ನು ಊರಿನಲ್ಲೇ ಮುಗಿಸಿಕೊಳ್ಳಬೇಕು. ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ತಾನಾಗಿ ತೆರೆದಿರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಎರಡನ್ನೂ ಪ್ರತ್ಯೇಕವಾಗಿ ತೆರೆದಿಡದಿದ್ದರೆ ಗೇಟು ಕಾರ್ಡನ್ನು ಒಪ್ಪುವುದಿಲ್ಲ. ವಿದೇಶಿ ಹಣದ ವಹಿವಾಟಿಗೆ ಬ್ಯಾಂಕು ಎಷ್ಟು ಶುಲ್ಕ ಹಾಕುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ಪೌಂಡ್ ತುಂಬಿದ ಫಾರೆಕ್ಸ್ ಕಾರ್ಡಿದ್ದರೆ ಈ ಶುಲ್ಕ ತಪ್ಪುತ್ತದೆ.

ಹಳದಿ ವೃತ್ತದ ಯಂತ್ರಕ್ಕೆ ಟ್ಯೂಬ್‌ನಲ್ಲಿ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಕಾರ್ಡು ತಾಗಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ. 2014ರಿಂದ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಪ್ರತಿಯೊಬ್ಬರಿಗೂ ಸ್ವಂತ ಕಾರ್ಡು ಬೇಕು. ಒಂದೇ ಕಾರ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗುವಂತಿಲ್ಲ. 11 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ, ಒಬ್ಬ ವಯಸ್ಕರ ಜೊತೆ ನಾಲ್ವರವರೆಗೆ, ಟ್ಯೂಬ್ ಉಚಿತ. 11ರಿಂದ 15 ವರ್ಷದ ಮಕ್ಕಳಿಗೆ ಆಯ್ಸ್ಟರ್ ಕಾರ್ಡೇ ಲಾಭ. ನಿಲ್ದಾಣದ ಸಿಬ್ಬಂದಿಯನ್ನು ಕೇಳಿದರೆ ಅದರಲ್ಲಿ 14 ದಿನಗಳ ಅರ್ಧ ದರದ ರಿಯಾಯಿತಿಯನ್ನು ಸೇರಿಸಿಕೊಡುತ್ತಾರೆ.

ದಿನದ ಮಿತಿ: ಒಂದು ಲೆಕ್ಕ

ಲಂಡನ್ನಿನಲ್ಲಿ ದಿನದ ಪಾಸನ್ನು ಮುಂಗಡವಾಗಿ ಕೊಳ್ಳುವ ಅಗತ್ಯವೇ ಇಲ್ಲದಂತೆ ಮಾಡಿರುವುದು ‘ದಿನದ ಮಿತಿ’. ಮುಂಜಾನೆ 4.30ರಿಂದ ಮರುದಿನ ಮುಂಜಾನೆ 4.29ರವರೆಗೆ ಒಂದೇ ಕಾರ್ಡಿನಲ್ಲಿ ಮಾಡಿದ ಪ್ರಯಾಣಗಳನ್ನು ವ್ಯವಸ್ಥೆ ಕೂಡುತ್ತಾ ಹೋಗುತ್ತದೆ. ಮೊತ್ತ ಮಿತಿಯನ್ನು ಮುಟ್ಟಿದ ಮೇಲೆ ಉಳಿದ ಪ್ರಯಾಣಗಳಿಗೆ ಹಣವಿಲ್ಲ. 1 ಮತ್ತು 2ನೇ ವಲಯಗಳಿಗೆ ಈ ಮಿತಿ 8.90 ಪೌಂಡ್.

ಅರ್ಲ್ಸ್ ಕೋರ್ಟ್‌ನಲ್ಲಿ ತಂಗಿದ ಒಬ್ಬ ಪ್ರವಾಸಿಯ ಮಂಗಳವಾರವನ್ನು ನೋಡಬಹುದು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ನೋಡಲು ಬೆಳಗ್ಗೆ 10ಕ್ಕೆ ಹೊರಡುತ್ತಾರೆ. ಹಸಿರು ಡಿಸ್ಟ್ರಿಕ್ಟ್ ಲೈನ್‌ನಲ್ಲಿ ವಿಕ್ಟೋರಿಯಾ, ಅಲ್ಲಿ ತಿಳಿನೀಲಿ ವಿಕ್ಟೋರಿಯಾ ಲೈನ್‌ಗೆ ಬದಲಿಸಿ ವಾಕ್ಸಾಲ್. ಎರಡೂ ತುದಿಯ ನಿಲ್ದಾಣಗಳು 1 ಮತ್ತು 2ನೇ ವಲಯಗಳ ಗಡಿಯಲ್ಲಿರುವುದರಿಂದ ಇದು 1ನೇ ವಲಯದೊಳಗಿನ ಪ್ರಯಾಣವೆನಿಸಿ 2.80 ಪೌಂಡ್ ಆಗುತ್ತದೆ. ಅಲ್ಲಿಂದ ಬ್ರಿಟಿಷ್ ಮ್ಯೂಸಿಯಂ ನೋಡಲು ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ಗೆ ಮತ್ತೆ 2.80. ಮಧ್ಯಾಹ್ನ 2ಕ್ಕೆ ಗ್ರೀನಿಚ್‌ನ ಕಟಿ ಸಾರ್ಕ್ ನಿಲ್ದಾಣಕ್ಕೆ 2.90. ಅಲ್ಲಿಗೆ ಒಟ್ಟು 8.50 ಪೌಂಡ್ ಆಯಿತು. ಸಂಜೆ 7.30ಕ್ಕೆ ಹಿಂದಿರುಗುವ ಪ್ರಯಾಣಕ್ಕೂ 2.90 ಆಗಬೇಕಿತ್ತು, ಆದರೆ ಮಿತಿಗೆ ಉಳಿದಿರುವುದು 40 ಪೆನ್ಸ್ ಮಾತ್ರ, ಅಷ್ಟನ್ನೇ ಪಡೆಯಲಾಗುತ್ತದೆ. ರಾತ್ರಿ ಊಟಕ್ಕೆ ಬಸ್ಸಿನಲ್ಲಿ ಹೋಗಿ ಬಂದರೆ ಅದಕ್ಕೆ ಏನೂ ಇಲ್ಲ. ಇದೇ ದಿನಕ್ಕೆ ಕಾಗದದ ಒಂದು ದಿನದ ಟ್ರಾವೆಲ್‌ಕಾರ್ಡ್ ಕೊಂಡಿದ್ದರೆ 16 ಪೌಂಡ್‌ಗೂ ಹೆಚ್ಚು ತೆರಬೇಕಾಗುತ್ತಿತ್ತು.

ಬಸ್ಸಿನಲ್ಲೇ ದಿನ ಕಳೆಯುವವರಿಗೆ ಖರ್ಚು ಇನ್ನೂ ಕಡಿಮೆ. ಒಂದು ಬಸ್ ಪ್ರಯಾಣಕ್ಕೆ 1.75 ಪೌಂಡ್, ಮೊದಲು ತಾಗಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿ ಹತ್ತಿದರೂ ಮತ್ತೆ ಹಣವಿಲ್ಲ. ಬಸ್ಸಿಗಷ್ಟೇ ದಿನದ ಮಿತಿ 5.25 ಪೌಂಡ್.

ವಾರದ ಲೆಕ್ಕದಲ್ಲಿರುವ ಕೊಂಕು

ದಿನದ ಮಿತಿಯಂತೆ ವಾರದ ಮಿತಿಯೂ ಇದೆ. 1 ಮತ್ತು 2ನೇ ವಲಯಗಳಿಗೆ ಅದು 44.70 ಪೌಂಡ್, ಅಂದರೆ ಹೆಚ್ಚು ಕಡಿಮೆ ಐದು ದಿನಗಳ ಮಿತಿಗೆ ಸಮ. ಆದರೆ ಈ ವಾರ ಸೋಮವಾರದಿಂದ ಭಾನುವಾರಕ್ಕೇ ಸೀಮಿತ. ಗುರುವಾರ ಬಂದು ಮುಂದಿನ ಬುಧವಾರದವರೆಗೆ ಓಡಾಡುವವರ ಏಳು ದಿನಗಳು ಎರಡು ವಾರಗಳಲ್ಲಿ ಹಂಚಿಹೋಗುತ್ತವೆ. ಮೊದಲ ನಾಲ್ಕು ದಿನಕ್ಕೆ 35.60, ನಂತರದ ಮೂರು ದಿನಕ್ಕೆ 26.70, ಒಟ್ಟು 62.30 ಪೌಂಡ್, ವಾರದ ಮಿತಿ ಎಲ್ಲೂ ಮುಟ್ಟುವುದಿಲ್ಲ. ಇಂಥವರು ಆಯ್ಸ್ಟರ್ ಕಾರ್ಡು ಕೊಂಡು ಅದರಲ್ಲಿ ಏಳು ದಿನಗಳ ಟ್ರಾವೆಲ್‌ಕಾರ್ಡ್ ಹಾಕಿಸಿಕೊಳ್ಳಬೇಕು. ಅದರ ಬೆಲೆಯೂ 44.70 ಪೌಂಡ್, ಆದರೆ ಅದು ಯಾವ ದಿನದಿಂದಲಾದರೂ ಶುರುವಾಗುತ್ತದೆ. ಆಯ್ಸ್ಟರ್ ಕಾರ್ಡಿನ ಬೆಲೆಯನ್ನು ಕಳೆದರೂ, ದಿನವೂ ಮಿತಿ ಮುಟ್ಟುವಷ್ಟು ಸುತ್ತುವವರಿಗೆ ಉಳಿತಾಯವೇ. ಸೋಮವಾರ ಬಂದಿಳಿಯುವವರಿಗೆ ಇದರ ಅಗತ್ಯವಿಲ್ಲ.

ಹಣ ಸೋರುವ ಜಾಗಗಳು

ಹೊರಬರುವಾಗ ಕಾರ್ಡು ತಾಗಿಸಲು ಮರೆತರೆ ಪ್ರಯಾಣ ಎಲ್ಲಿ ಮುಗಿಯಿತೆಂದು ವ್ಯವಸ್ಥೆಗೆ ತಿಳಿಯದೆ ಗರಿಷ್ಠ ದರ ಬೀಳುತ್ತದೆ. ಈ ದಂಡದ ದರ ದಿನದ ಮಿತಿಯ ಲೆಕ್ಕಕ್ಕೂ ಸೇರುವುದಿಲ್ಲ. ಗೇಟು ಇರುವ ಕಡೆ ಈ ಮರೆವು ಕಡಿಮೆ. ಡಿಎಲ್‌ಆರ್‌ನ ಹೆಚ್ಚಿನ ನಿಲ್ದಾಣಗಳಲ್ಲಿ ಗೇಟೇ ಇಲ್ಲದ ಕಾರಣ ಕಂಬದ ಮೇಲಿನ ಯಂತ್ರವನ್ನು ಪ್ರಯಾಣಿಕರೇ ಹುಡುಕಿ ತಾಗಿಸಬೇಕು.

ಇನ್ನೊಂದು ತಪ್ಪು ಬೆಳಗ್ಗೆ ಕಾರ್ಡನ್ನೂ ಸಂಜೆ ಫೋನನ್ನೂ ಬಳಸುವುದು. ಫೋನಿನಲ್ಲಿರುವುದು ಅದೇ ಬ್ಯಾಂಕ್ ಕಾರ್ಡಾದರೂ ಯಂತ್ರದ ಕಣ್ಣಿಗೆ ಅವೆರಡೂ ಬೇರೆ ಬೇರೆ, ಹಾಗಾಗಿ ಮಿತಿಯ ಲೆಕ್ಕವೂ ಬೇರೆಯಾಗುತ್ತದೆ. ಪರ್ಸ್ ಸಮೇತ ತಾಗಿಸಿದರೆ ಒಳಗಿನ ಬೇರೊಂದು ಕಾರ್ಡಿನಿಂದ ಹಣ ಹೋಗಬಹುದು. ಬೇಕಾದ ಕಾರ್ಡನ್ನಷ್ಟೇ ಹೊರತೆಗೆದು ಹಿಡಿಯಬೇಕು.

ತಪ್ಪಾಗಿದೆಯೇ ಎಂದು ತಿಳಿಯುವುದು ಸುಲಭ. ಬ್ಯಾಂಕ್ ಕಾರ್ಡಿನಲ್ಲಿ ಇಡೀ ದಿನದ ಪ್ರಯಾಣಗಳು ಒಟ್ಟಾಗಿ ಒಂದೇ ಮೊತ್ತವಾಗಿ ಕಡಿತವಾಗುತ್ತವೆ. 1 ಮತ್ತು 2ನೇ ವಲಯಗಳಲ್ಲೇ ಸುತ್ತಿದ ದಿನ ಆ ಮೊತ್ತ 8.90 ಪೌಂಡ್ ಮೀರಿದ್ದರೆ ಎಲ್ಲೋ ಒಂದು ತಾಗಿಸುವಿಕೆ ತಪ್ಪಿದೆ ಎಂದೇ ಅರ್ಥ. tfl.gov.uk ತಾಣದಲ್ಲಿ ಖಾತೆ ತೆರೆದು ಕಾರ್ಡನ್ನು ಸೇರಿಸಿದರೆ ಪ್ರತಿ ಪ್ರಯಾಣದ ವಿವರ ಸಿಗುತ್ತದೆ. ಅರ್ಧಕ್ಕೆ ನಿಂತ ಪ್ರಯಾಣವನ್ನು ತೋರಿಸಿ ಹೆಚ್ಚುವರಿ ಹಣವನ್ನು ಅಲ್ಲೇ ವಾಪಸು ಕೇಳಬಹುದು.