ಹಾಲೆಮ್ಮೆಯ ಬೆಲೆ ಕಟ್ಟುವ ಕ್ರಮ

ಜಿಲ್ಲೆಯ ರೈತರು ಎಮ್ಮೆ ಕೊಳ್ಳುವಾಗ ದಿನದ ಹಾಲನ್ನಷ್ಟೇ ನೋಡಿ ಬೆಲೆ ಕಟ್ಟಿದರೆ ನಷ್ಟವಾಗುವ ಸಂಭವವಿದೆ ಎಂಬುದನ್ನು ಸದಸ್ಯರು ಗಮನಿಸಬೇಕು. ಮೂರನೆಯ ಸೂಲಿನ ಎರಡು ಧಾರವಾಡಿ ಎಮ್ಮೆಗಳು ತಲಾ 5 ಲೀಟರ್ ಕೊಡುತ್ತಿವೆ ಎನ್ನೋಣ. ಒಂದು ಕರು ಹಾಕಿ ಎರಡು ತಿಂಗಳಾಗಿದೆ. ಹಾಲು ಇದಕ್ಕಿಂತ ಹೆಚ್ಚದು, ಆದರೆ ಇನ್ನೂ ಹಲವು ತಿಂಗಳು ಕರೆಯಬಹುದು. ಇನ್ನೊಂದಕ್ಕೆ ಏಳು ತಿಂಗಳು. ಬೇಗ ಬತ್ತುವುದಾದರೂ ಇಳಿಗಾಲದಲ್ಲೂ ಇಷ್ಟು ಕೊಡುವ ಎಮ್ಮೆಯೇ ಮೇಲು. ಅದು ಗಬ್ಬವೆಂದು ಪಶುವೈದ್ಯರು ದೃಢಪಡಿಸಿದರೆ ಹೆಚ್ಚು ಬೆಲೆ ಸಲ್ಲುತ್ತದೆ, ಇಲ್ಲವಾದರೆ ತಗ್ಗಿಸಬೇಕು. ಮುರ್ರಾ ತಳಿಯದಾಗಿ ಎರಡನೆಯ ತಿಂಗಳಲ್ಲೇ 5 ಲೀಟರ್ ಆದರೆ ಅದು ಕಡಿಮೆಯೇ. ಆರೇಳು ಸೂಲು ದಾಟಿ ಹಲ್ಲು ಸವೆದ ಎಮ್ಮೆಗೂ ಬೆಲೆ ಇಳಿಯುತ್ತದೆ.

ಮಾರುವವರು ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವುದುಂಟು. ಆದ್ದರಿಂದ ಸಂಜೆ ಪೂರ್ತಿ ಕರೆಸಿ, ಆ ಹಾಲನ್ನು ಲೆಕ್ಕಕ್ಕೆ ಹಿಡಿಯದೆ, ಮರುದಿನದ ಎರಡೂ ಹೊತ್ತಿನ ಹಾಲನ್ನು ಅಳೆಯತಕ್ಕದ್ದು.