‘ವೆನ್’ ಕಂಡ ಕೂಡಲೇ ಕಾಲ ಅನ್ನಬೇಡಿ

ಬೋರ್ಡ್ ಪರೀಕ್ಷೆಗೆ ಇಂಗ್ಲಿಷ್ ವ್ಯಾಕರಣ ಓದುವ ಮಕ್ಕಳಿಗೆ ನಾವು ಸಾಮಾನ್ಯವಾಗಿ ಒಂದು ಪಟ್ಟಿ ಕೊಡುತ್ತೇವೆ: ‘ಹೂ’, ‘ವಿಚ್’ ಬಂದರೆ ಅಡ್ಜೆಕ್ಟಿವ್ ಕ್ಲಾಸ್, ‘ವೆನ್’, ‘ವೇರ್’, ‘ಇಫ್’ ಬಂದರೆ ಅಡ್ವರ್ಬ್ ಕ್ಲಾಸ್, ‘ದಟ್’ ಬಂದರೆ ನೌನ್ ಕ್ಲಾಸ್. ತಪ್ಪು ಉತ್ತರಗಳನ್ನು ನೋಡುತ್ತಾ ಹೋದಂತೆ ನನಗೆ ಮನದಟ್ಟಾದದ್ದು, ತಪ್ಪಿನ ಬೇರು ಈ ಪಟ್ಟಿಯಲ್ಲೇ ಇದೆ ಎಂಬುದು. ‘ವೆನ್’ ಒಂದನ್ನೇ ತೆಗೆದುಕೊಳ್ಳಿ. ‘ಐ ವಿಲ್ ಸ್ಪೀಕ್ ವೆನ್ ಹಿ ಕಮ್ಸ್’, ‘ಐ ನೋ ವೆನ್ ಹಿ ಕೇಮ್’, ‘ಐ ರಿಮೆಂಬರ್ ದ ಡೇ ವೆನ್ ಹಿ ಕೇಮ್’. ಮೂರರಲ್ಲೂ ಉಪವಾಕ್ಯ ಹೊರಗಿನಿಂದ ಒಂದೇ ಥರ ಕಾಣುತ್ತದೆ, ಆದರೆ ಮೂರೂ ಬೇರೆ ಬೇರೆ ಜಾತಿ. ಈಗ ಇವನ್ನೇ ಕನ್ನಡದಲ್ಲಿ ಹೇಳಿ ನೋಡಿ: ‘ಅವನು ಬಂದಾಗ ಮಾತಾಡುತ್ತೇನೆ’, ‘ಅವನು ಯಾವಾಗ ಬಂದ ಎಂದು ಗೊತ್ತು’, ‘ಅವನು ಬಂದ ದಿನ ನೆನಪಿದೆ’. ಇಂಗ್ಲಿಷ್ ಒಂದೇ ಅಂಗಿ ತೊಡಿಸಿದ್ದನ್ನು ಕನ್ನಡ ಮೂರು ಅಂಗಿಗಳಲ್ಲಿ ನಿಲ್ಲಿಸುತ್ತದೆ. ‘ಬಂದಾಗ’, ‘ಬಂದಲ್ಲಿ’, ‘ಬಂದರೆ’ ಎಂಬ ರೂಪ ಸಿಕ್ಕರೆ ಅಡ್ವರ್ಬ್ ಕ್ಲಾಸ್. ‘ಎಂದು’, ‘ಎಂಬುದು’ ಸಿಕ್ಕರೆ, ಅಥವಾ ‘ಹೇಳಿದ್ದು’ ಎಂಬಂಥ ರೂಪ ಬಂದರೆ, ನೌನ್ ಕ್ಲಾಸ್. ‘ಬಂದ’ ಎಂಬುದು ನೇರವಾಗಿ ನಾಮಪದಕ್ಕೆ ಅಂಟಿಕೊಂಡರೆ ಅಡ್ಜೆಕ್ಟಿವ್ ಕ್ಲಾಸ್. ‘ಇಫ್’ ಕೂಡ ಹೀಗೆಯೇ ಬಿಡಿಸಿಕೊಳ್ಳುತ್ತದೆ: ‘ಮಳೆ ಬಂದರೆ’ ಎಂದಾದರೆ ಷರತ್ತು, ‘ಮಳೆ ಬಂತೇ ಎಂದು ಕೇಳಿದೆ’ ಎಂದಾದರೆ ಕೇಳಿದ್ದರ ಕರ್ಮ.

ಕನ್ನಡದಲ್ಲಿ ಹೇಳಿ ನೋಡುವ ಈ ಪರೀಕ್ಷೆಯ ನಿಜವಾದ ಉಪಯೋಗ ಗೊತ್ತಾಗುವುದು ಎಲ್ಲರೂ ಎಡವುವ ಜಾಗದಲ್ಲಿ. ‘ದ ನ್ಯೂಸ್ ದಟ್ ಹಿ ಬ್ರಾಟ್’ ಮತ್ತು ‘ದ ನ್ಯೂಸ್ ದಟ್ ಹಿ ಫೇಲ್ಡ್’, ಎರಡರಲ್ಲೂ ‘ದಟ್’ ಸುದ್ದಿ ಎಂಬ ನಾಮಪದದ ಬೆನ್ನಿಗೇ ಬಂದಿದೆ. ಹಾಗಾಗಿ ಎರಡನ್ನೂ ಅಡ್ಜೆಕ್ಟಿವ್ ಎಂದು ಬರೆಯುವವರು ಬಹಳ. ಕನ್ನಡದಲ್ಲಿ ಮೊದಲನೆಯದು ‘ಅವನು ತಂದ ಸುದ್ದಿ’, ಎರಡನೆಯದು ‘ಅವನು ನಪಾಸಾದ ಎಂಬ ಸುದ್ದಿ’. ನಡುವೆ ನುಸುಳಿದ ಆ ‘ಎಂಬ’ ಪದವೇ ಸುಳಿವು. ಯಾವ ಸುದ್ದಿ ಎಂದು ಗುರುತಿಸುವುದು ಒಂದು ಕೆಲಸ, ಸುದ್ದಿಯ ಒಳಗಿನ ವಿಷಯವೇ ಆಗುವುದು ಇನ್ನೊಂದು. ಹಾಗಾಗಿ ಎರಡನೆಯದು ‘ನ್ಯೂಸ್’ ಪದಕ್ಕೆ ಅಪೊಸಿಷನ್‌ನಲ್ಲಿರುವ ನೌನ್ ಕ್ಲಾಸ್.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಯಾಕೆ, ಮಕ್ಕಳು ಇಂಗ್ಲಿಷಿನಲ್ಲೇ ಯೋಚಿಸಬೇಡವೇ ಎಂಬ ಆಕ್ಷೇಪ ಇದ್ದೇ ಇದೆ. ಇಲ್ಲಿ ಯಾರೂ ಕನ್ನಡದಲ್ಲಿ ಉತ್ತರ ಬರೆಯುತ್ತಿಲ್ಲ. ಅಕ್ಕಸಾಲಿಗ ಚಿನ್ನವನ್ನು ಒರೆಗಲ್ಲಿಗೆ ತಿಕ್ಕುವಂತೆ ಒಮ್ಮೆ ತಿಕ್ಕಿ ನೋಡುವುದು, ಅಷ್ಟೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಅನುವಾದ ಸಡಿಲವಾದರೆ ಒರೆಗಲ್ಲೇ ಸುಳ್ಳು ಹೇಳುತ್ತದೆ. ‘ಐ ವಿಲ್ ಸ್ಪೀಕ್ ವೆನ್ ಹಿ ಕಮ್ಸ್’ ಎಂಬುದನ್ನು ‘ಅವನು ಬರುವ ಸಮಯದಲ್ಲಿ ಮಾತಾಡುತ್ತೇನೆ’ ಎಂದರೆ ಅರ್ಥ ಕೆಡುವುದಿಲ್ಲ, ಆದರೆ ‘ಬರುವ’ ಎಂಬುದು ‘ಸಮಯ’ಕ್ಕೆ ಅಂಟಿ ಅಡ್ಜೆಕ್ಟಿವ್‌ನಂತೆ ಕಾಣುತ್ತದೆ. ಇದು ನ್ಯಾಯವಾದ ಮಾತು. ಪರಿಹಾರವೂ ಹತ್ತಿರದಲ್ಲೇ ಇದೆ: ಕನ್ನಡದಲ್ಲಿ ಅಂಟಿಕೊಂಡ ಆ ನಾಮಪದ ಇಂಗ್ಲಿಷ್ ವಾಕ್ಯದಲ್ಲಿ ಕಣ್ಣಿಗೆ ಕಾಣುತ್ತಿದೆಯೇ ನೋಡಬೇಕು. ‘ಐ ರಿಮೆಂಬರ್’ ವಾಕ್ಯದಲ್ಲಿ ‘ದ ಡೇ’ ಇದೆ, ‘ಐ ವಿಲ್ ಸ್ಪೀಕ್’ ವಾಕ್ಯದಲ್ಲಿ ‘ದ ಟೈಮ್’ ಇಲ್ಲ. ಇಲ್ಲದ್ದನ್ನು ನಾವೇ ಸೇರಿಸಿದ್ದೇವೆ, ಆದ್ದರಿಂದ ಅದು ಲೆಕ್ಕಕ್ಕಿಲ್ಲ. ‘ಐ ಆಮ್ ಶೂರ್ ದಟ್ ಹಿ ವಿಲ್ ಕಮ್’ ಎಂಬಂಥ ವಾಕ್ಯದಲ್ಲಿ ಮಾತ್ರ ಕನ್ನಡದ ‘ಎಂದು’ ನೌನ್ ಕ್ಲಾಸ್ ಕಡೆಗೆ ಬೆರಳು ತೋರಿಸಿದರೂ, ವಿಶೇಷಣದ ನಂತರ ಬಂದದ್ದರಿಂದ ಅದನ್ನು ಅಡ್ವರ್ಬ್ ಕ್ಲಾಸ್ ಎನ್ನುವ ವ್ಯಾಕರಣ ಪುಸ್ತಕಗಳಿವೆ. ಅಲ್ಲಿ ವಾದಕ್ಕೆ ಇಳಿಯದೆ ನಿಮ್ಮ ಬೋರ್ಡಿನ ಪಠ್ಯ ಏನೆನ್ನುತ್ತದೋ ಅದನ್ನೇ ಬರೆಯುವುದು ಕ್ಷೇಮ.

ಪರೀಕ್ಷೆಯಲ್ಲಿ ಬರಬಹುದಾದಂಥ ಒಂದು ಉದ್ದನೆಯ ವಾಕ್ಯವನ್ನೇ ಬಿಡಿಸೋಣ: ‘ದ ಬಾಯ್ ಹೂ ವನ್ ದ ಪ್ರೈಜ್ ಟೋಲ್ಡ್ ಅಸ್ ದಟ್ ಹಿ ವುಡ್ ಲೀವ್ ವೆನ್ ದ ರೇನ್ ಸ್ಟಾಪ್ಡ್’. ಮೊದಲು ಪೂರ್ಣ ಕ್ರಿಯಾಪದಗಳನ್ನು ಎಣಿಸಬೇಕು: ‘ವನ್’, ‘ಟೋಲ್ಡ್’, ‘ವುಡ್ ಲೀವ್’, ‘ಸ್ಟಾಪ್ಡ್’. ನಾಲ್ಕು ಕ್ರಿಯಾಪದ ಎಂದರೆ ನಾಲ್ಕು ಕ್ಲಾಸ್, ಅದರಲ್ಲಿ ಮುಖ್ಯವಾದದ್ದು ‘ದ ಬಾಯ್ ಟೋಲ್ಡ್ ಅಸ್’. ಕನ್ನಡದಲ್ಲಿ ಇದು ‘ಬಹುಮಾನ ಗೆದ್ದ ಹುಡುಗ, ಮಳೆ ನಿಂತಾಗ ಹೊರಡುತ್ತೇನೆ ಎಂದು ನಮಗೆ ಹೇಳಿದ’. ‘ಗೆದ್ದ’, ‘ನಿಂತಾಗ’, ‘ಎಂದು’, ಮೂರೂ ತಮ್ಮ ಜಾತಿಯನ್ನು ತಾವೇ ಹೇಳಿಬಿಟ್ಟವು. ಇಷ್ಟಾದ ಮೇಲೂ ಒಂದು ಬಲೆ ಉಳಿದಿರುತ್ತದೆ. ‘ವೆನ್ ದ ರೇನ್ ಸ್ಟಾಪ್ಡ್’ ಯಾವ ಕ್ರಿಯಾಪದಕ್ಕೆ ಸೇರಿದ್ದು? ಮಳೆ ನಿಂತಾಗ ಆಗುವುದು ಹೇಳುವುದಲ್ಲ, ಹೊರಡುವುದು. ಹಾಗಾಗಿ ಅದು ‘ಟೋಲ್ಡ್’ಗೆ ಅಲ್ಲ, ‘ವುಡ್ ಲೀವ್’ಗೆ ಅಧೀನ. ಬರೇ ‘ಅಡ್ವರ್ಬ್ ಕ್ಲಾಸ್’ ಎಂದು ಬರೆದು ಪೆನ್ನು ಇಡಬೇಡಿ. ‘ವುಡ್ ಲೀವ್’ ಕ್ರಿಯಾಪದವನ್ನು ಮಾಡಿಫೈ ಮಾಡುತ್ತದೆ ಎಂದು ಪಕ್ಕದಲ್ಲೇ ಬರೆಯಿರಿ. ಪ್ರಶ್ನೆ ಕಾರ್ಯವನ್ನೂ ಕೇಳಿದ್ದರೆ ಉತ್ತರ ಪೂರ್ತಿಯಾಗುವುದು ಆಗಲೇ.