ರುಮಾಲಿನ ಕೆಳಗಣ ತಲೆ

ಕಬ್ಬಾಳುದುರ್ಗದ ಹೆಬ್ಬಂಡೆಯು ಹಗಲೆಲ್ಲ ಕಾದು ಸಂಜೆಯ ತನಕ ಸೆಕೆಯನ್ನು ಕಾರುವ ನಮ್ಮ ಸೀಮೆಯಲ್ಲಿ, ರಾಗಿಯ ಹೊಲಕ್ಕಾಗಲಿ ಹಿಪ್ಪುನೇರಳೆಯ ತೋಟಕ್ಕಾಗಲಿ ಹೊರಟ ನನ್ನ ವಯಸ್ಸಿನ ಗಂಡಸು ರುಮಾಲು ಸುತ್ತದೆ ಹೊಸ್ತಿಲು ದಾಟುವುದು ಅಪರೂಪ. ಪ್ರಾಯದಿಂದಲೂ ರುಮಾಲನ್ನು ಸುತ್ತುತ್ತ, ಗಡ್ಡವನ್ನೂ ಬಿಟ್ಟುಕೊಂಡು ಬಂದಿರುವ ನನಗೆ, ತಲೆಯನ್ನು ಕೆಡಿಸತಕ್ಕದ್ದು ಬಟ್ಟೆಗಿಂತ ಹೆಚ್ಚಾಗಿ ಅದರೊಳಗೆ ಸೆರೆಯಾದ ತೇವವೆಂಬುದು ಮನದಟ್ಟಾದುದು ನಮ್ಮ ಸೋದರಮಾವನವರ ನಿಮಿತ್ತದಿಂದ.

ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವ ದಿನಗಳಲ್ಲಿ ಅವರು ಕೋಳಿ ಕೂಗುವ ಹೊತ್ತಿಗೇ ತಲೆಗೆ ನೀರು ಹಾಕಿಕೊಂಡು, ಕೂದಲು ಆರುವ ಮುನ್ನವೇ ಅಂಗೈತುಂಬ ಕೊಬ್ಬರಿ ಎಣ್ಣೆ ತಿಕ್ಕಿ, ರುಮಾಲನ್ನು ಬಿಗಿದು ಬಸ್ಸು ಹತ್ತುತ್ತಿದ್ದರು. ಮಧ್ಯಾಹ್ನದೊಳಗೆ ನೆತ್ತಿಯಲ್ಲಿ ಕಡಿತ, ಬಟ್ಟೆಯಲ್ಲಿ ಹುಳಿವಾಸನೆ. ಬರಬರುತ್ತ ಮುಂದಲೆಯ ಅಂಚು, ಹುಬ್ಬು, ಕಿವಿಯ ಹಿಂಬದಿ ಮತ್ತು ಗಡ್ಡದ ಬುಡದಲ್ಲಿ ಹಳದಿ ಛಾಯೆಯ ಜಿಡ್ಡುಹೊಟ್ಟು. “ಒಣಗಿದೆ ಅಂತ ಎಣ್ಣೆ ಹಚ್ತೀನಿ ಕಣಪ್ಪ, ಹಚ್ಚಿದಷ್ಟೂ ಉದುರ್ತದೆ” ಎಂದು ಅವರು ನನ್ನೊಡನೆ ಹೇಳಿಕೊಂಡರು.

ಕನಕಪುರದ ಚರ್ಮವೈದ್ಯರೊಬ್ಬರು ಇದರ ಕಾರಣವನ್ನು ಸಾವಧಾನವಾಗಿ ತಿಳಿಸಿದರು. ಮಲಸೀಜಿಯವೆಂಬ ಸೂಕ್ಷ್ಮವಾದ ಬೂಷ್ಟು ಆರೋಗ್ಯವಂತನ ಚರ್ಮದಲ್ಲಿಯೂ ವಾಸಿಸುತ್ತದೆ. ಚರ್ಮವು ಸ್ರವಿಸುವ ಜಿಡ್ಡೇ ಅದರ ಆಹಾರ. ಉಷ್ಣವೂ ತೇವವೂ ಕೂಡಿದಲ್ಲಿ ಅದು ವೃದ್ಧಿ ಹೊಂದಿ, ಕೆಲವರ ಚರ್ಮವನ್ನು ಕೆರಳಿಸಿ ಹೊಟ್ಟೆಬ್ಬಿಸುತ್ತದೆ. ಮೇಲೆ ಹಚ್ಚಿದ ಎಣ್ಣೆಯು ಉದುರುವುದನ್ನು ಕ್ಷಣಕಾಲ ಅಂಟಿಸಿಟ್ಟು ವಾಸಿಯಾದಂತೆ ತೋರಿಸಿದರೂ ಬೂಷ್ಟಿಗೆ ಮೇವನ್ನೇ ಒದಗಿಸುತ್ತದೆ. ಅವರು ಬರೆದುಕೊಟ್ಟುದು ಶೇಕಡ 2ರ ಕೀಟೋಕೊನಜೋಲ್ ಶಾಂಪೂ: ವಾರಕ್ಕೆ 2 ಸಲದಂತೆ 4 ವಾರ. ಅದನ್ನು ಕೂದಲಿಗೆ ಬಳಿದರೆ ಸಾಲದು, ಬೆರಳ ತುದಿಯಿಂದ ಚರ್ಮಕ್ಕೇ ತಾಗಿಸಿ, ಗಡ್ಡದೊಳಕ್ಕೂ ಇಳಿಸಿ, 5 ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದೊಡನೆ ನೀರು ಸುರಿದುಕೊಂಡವನಿಗೆ ಔಷಧದ ಫಲವು ಅಷ್ಟಾಗಿ ದೊರೆಯದು. ಮಾವನವರಿಗೆ ಮೊದಲು ಕಡಿತವೂ ಅನಂತರ ಹೊಟ್ಟೂ ಅಡಗಿದುವು. ಆದರೆ ಬೂಷ್ಟು ನಿರ್ಮೂಲವಾಗುವಂಥದಲ್ಲವಾದುದರಿಂದ, ಗುಣವಾದ ಮೇಲೂ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಅದೇ ಶಾಂಪೂವನ್ನು ಬಳಸುತ್ತಿರಲು ವೈದ್ಯರು ವಿಧಿಸಿದರು. ನಮ್ಮ ಸೀಗೆಪುಡಿಯೂ ಅಂಟುವಾಳವೂ ಜಿಡ್ಡನ್ನು ಚೆನ್ನಾಗಿ ತೆಗೆಯುತ್ತವೆಯೆಂಬುದು ನನ್ನ ಅನುಭವ. ಇಂಥ ಕಾಯಿಲೆ ಹತ್ತಿದ ತಲೆಗೆ ಅವುಗಳನ್ನೇ ನಂಬಿ ಕೂಡುವುದು ನನಗೆ ಸಮ್ಮತವಲ್ಲ.

ಅಂದಿನಿಂದ ನಾನು ತಲೆಸ್ನಾನವನ್ನು ಸಂಜೆಗೆ ಮಾಡಿಕೊಂಡೆನು. ಕೂದಲಿನ ಬುಡಕ್ಕೆ ಬೆರಳಿಟ್ಟಾಗ ತಣ್ಣನೆಯ ಸ್ಪರ್ಶವು ತೋರಿದರೆ ಇನ್ನೂ ಆರಿಲ್ಲವೆಂದು ತಿಳಿದು, ಮರುದಿನ ಪೂರ್ತಿ ಒಣಗಿದ ತಲೆಗೇ ರುಮಾಲು ಸುತ್ತುತ್ತೇನೆ. ಎಣ್ಣೆಯನ್ನು ಸ್ನಾನಕ್ಕೆ ಮುನ್ನ ಹಚ್ಚಿ ತೊಳೆದುಬಿಡುತ್ತೇನೆ. ರುಮಾಲಿನ ಅಡಿಯಲ್ಲಿ ತೆಳುವಾದ ಹತ್ತಿಯ ತುಂಡೊಂದನ್ನು ಕಟ್ಟಿಕೊಂಡರೆ ಬೆವರನ್ನೆಲ್ಲ ಅದೇ ಹೀರುತ್ತದೆ. ಅದನ್ನು ಪ್ರತಿದಿನವೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವುವುದು ಸುಲಭ. ಎರಡು ರುಮಾಲುಗಳನ್ನು ಸರದಿಯ ಮೇಲೆ ಬಳಸಿದರೆ ಒಂದಕ್ಕೆ ಆರಲು ಅವಕಾಶ ದೊರೆಯುತ್ತದೆ. ಮಧ್ಯಾಹ್ನ ಹೊಂಗೆಯ ನೆರಳಿನಲ್ಲಿ ಬುತ್ತಿ ಬಿಚ್ಚುವಾಗ ರುಮಾಲನ್ನೂ ಬಿಚ್ಚಿಡುವುದು ನನಗೆ ಅಭ್ಯಾಸವಾಗಿ ಹೋಗಿದೆ.

ಬಿಗಿತದ ವಿಷಯ ಬೇರೆ. ಹಣೆಯ ಮೇಲೆ ಬಹಳ ಹೊತ್ತು ಮಾಸದ ಗೆರೆ, ಕೂದಲ ಬುಡದಲ್ಲಿ ನೋವು, ಅಂಚಿನಲ್ಲಿ ಸಣ್ಣ ಗುಳ್ಳೆ, ಇವು ಬಟ್ಟೆಯೋ ಗಂಟೋ ಕೂದಲನ್ನು ಎಳೆಯುತ್ತಿದೆಯೆಂಬುದರ ಲಕ್ಷಣ. ಉದ್ದ ಕೂದಲನ್ನು ಬಿಗಿಯಾಗಿ ಗಂಟುಕಟ್ಟಿ ಅದರ ಮೇಲೆ ಪೇಟ ಸುತ್ತುವ ಸಿಖ್ ಪುರುಷರಲ್ಲಿ ಮುಂದಲೆಯ ಕೂದಲೂ, ಗಡ್ಡವನ್ನು ಎಳೆದು ಕಟ್ಟುವವರಲ್ಲಿ ಗದ್ದದ ಕೆಳಗಣ ಕೂದಲೂ ಈ ಸೆಳೆತದಿಂದಲೇ ಉದುರುವುದನ್ನು ವೈದ್ಯರು ಗುರುತಿಸಿದ್ದಾರೆ. ಆರಂಭದಲ್ಲಿಯೇ ಸಡಿಲಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಎಳೆದು ಬೇರು ಸತ್ತ ಮೇಲೆ ಬರುವುದಿಲ್ಲ. ನಾನು ಬಟ್ಟೆಯೊಳಗೆ ಒಂದು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಾಗಿ ಸುತ್ತುತ್ತೇನೆ. ಗಡ್ಡವನ್ನು ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ, ಕ್ಷೌರದಂಗಡಿಯಲ್ಲಿ ಅಂಚನ್ನು ಸಮ ಮಾಡಿಸಿಕೊಂಡರೆ ಸಾಕಾಗುತ್ತದೆ.

ಹೊಟ್ಟಿನ ಬದಲು ನಾಣ್ಯದಾಕಾರದ ಬೋಳು ಮಚ್ಚೆ ಮೂಡಿ, ಅದರೊಳಗಣ ಕೂದಲು ಬುಡದಲ್ಲೇ ಮುರಿದಿದ್ದರೆ, ಇಲ್ಲವೆ ಕೀವು ತುಂಬಿ ಊದಿಕೊಂಡರೆ, ಅದು ಹುಳುಕಡ್ಡಿಯ ಜಾತಿಯದಾಗಿರಬಹುದು. ಅಂಥದಕ್ಕೆ ಶಾಂಪೂ ಸಾಲದು. ಕೂದಲ ಬೇರಿನವರೆಗೆ ತಲುಪುವ ಗುಳಿಗೆಯನ್ನು ವೈದ್ಯರೇ ಕೊಡಬೇಕು. ಅದು ಬಟ್ಟೆ, ಬಾಚಣಿಗೆಗಳಿಂದ ಹರಡತಕ್ಕದ್ದಾದುದರಿಂದ, ಗುಣವಾಗುವವರೆಗೆ ಆ ರುಮಾಲನ್ನು ಮನೆಯ ಮಕ್ಕಳು ತಲೆಗಿಟ್ಟುಕೊಳ್ಳದಂತೆ ಬೇರೆ ಗೂಟಕ್ಕೆ ನೇತುಹಾಕಬೇಕು.